ನಾಲ್ಕನೇ ಮಹಡಿಯ ಸ್ವಿಚ್ಚಿನ ಲಾಗ್ ಎರಡೂವರೆ ನಿಮಿಷ ಮುಂಚಿತವಾಗಿದೆ: ಗಡಿಯಾರ ಸರಿಪಡಿಸಿದ ಮೇಲೆ ಹಳೆಯ ಲಾಗ್‌ಗಳನ್ನು ಹೊಂದಿಸುವುದು ಹೇಗೆ?

ಹೊರವರ್ತುಲ_ನೆಟ್

ಎಲ್ಲರಿಗೂ ನಮಸ್ಕಾರ. ನಾನು ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಜೂನ್ 12ರ ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ನಾಲ್ಕನೇ ಮಹಡಿಯ ಸಂಪರ್ಕ ಹನ್ನೊಂದು ನಿಮಿಷ ಕಡಿದುಹೋಗಿತ್ತು. ರಾತ್ರಿ ಪಾಳಿಯಲ್ಲಿದ್ದವರು ಡಿಸ್ಟ್ರಿಬ್ಯೂಷನ್ ಸ್ವಿಚ್ಚಿನ ಪೋರ್ಟನ್ನು ಕೈಯಿಂದ ಮತ್ತೆ ಏಳಿಸಿದ ಮೇಲೆ ಎಲ್ಲವೂ ಸರಿಹೋಯಿತು. ಈಗ ಘಟನೆಯ ವರದಿ ಬರೆಯಬೇಕಾಗಿದೆ, ಆದರೆ ಎರಡು ಸ್ವಿಚ್ಚುಗಳ ಲಾಗ್‌ಗಳು ಎರಡು ಬೇರೆ ಕಥೆಗಳನ್ನು ಹೇಳುತ್ತಿವೆ. ಮೊದಲನೆಯ ಸಾಲು ಡಿಸ್ಟ್ರಿಬ್ಯೂಷನ್ ಸ್ವಿಚ್ಚಿನದು, ಎರಡನೆಯದು ನಾಲ್ಕನೇ ಮಹಡಿಯ ಸ್ವಿಚ್ಚಿನದು.

```
Jun 12 02:14:07.412 IST: %LINK-3-UPDOWN: Interface GigabitEthernet1/0/24, changed state to down
.Jun 12 02:11:31.020 IST: %LINK-3-UPDOWN: Interface GigabitEthernet1/0/49, changed state to down
```

ಇವೆರಡೂ ಒಂದೇ ಕೇಬಲ್ಲಿನ ಎರಡು ತುದಿಗಳು. ಡಿಸ್ಟ್ರಿಬ್ಯೂಷನ್ ಸ್ವಿಚ್ಚಿನಲ್ಲಿ ಈ ಸಾಲಿಗೆ ಸ್ವಲ್ಪ ಮೊದಲು, ಸ್ಟಾರ್ಮ್ ಕಂಟ್ರೋಲ್ ಕಾರಣದಿಂದ ಆ ಪೋರ್ಟನ್ನು ತಾನೇ ಮುಚ್ಚಿದೆನೆಂಬ ಸಂದೇಶವೂ ಇದೆ. ಆದರೆ ನಾಲ್ಕನೇ ಮಹಡಿಯ ಸ್ವಿಚ್ ತನ್ನ ಅಪ್‌ಲಿಂಕ್ ಎರಡೂವರೆ ನಿಮಿಷ ಮೊದಲೇ ಬಿದ್ದುಹೋಗಿತ್ತು ಎನ್ನುತ್ತಿದೆ. ಇದನ್ನು ನೋಡಿ ನಮ್ಮ ತಂಡದವರು ಆ ಸ್ವಿಚ್ಚೇ ಕೆಟ್ಟಿದೆ, ಬದಲಾಯಿಸಬೇಕು ಎಂದು ಬಹುತೇಕ ತೀರ್ಮಾನಿಸಿದ್ದಾರೆ. ಬೆಳಿಗ್ಗೆ ನಾನು `show logging` ಫಲಿತಾಂಶವನ್ನು ಉಳಿಸಿಕೊಂಡೆ. ಆಮೇಲೆ ಆ ಸ್ವಿಚ್ಚಿನ ಗಡಿಯಾರ ತಪ್ಪಾಗಿರುವಂತೆ ಕಂಡದ್ದರಿಂದ ಎನ್‌ಟಿಪಿ ಸೆಟ್ಟಿಂಗ್ ಸರಿಪಡಿಸಿದೆ. ಎಷ್ಟು ತಪ್ಪಿತ್ತು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಲಿಲ್ಲ. ಈಗ ಅದನ್ನು ತಿಳಿಯುವ ದಾರಿ ಇದೆಯೇ?

ಸಮಯ_ಪಾಲಕ

ನಮಸ್ಕಾರ. ನಿಮ್ಮಲ್ಲಿ ಲಾಗ್ ಸರ್ವರ್ ಇದ್ದರೆ ಇದು ಸುಲಭ. ಸ್ವಿಚ್ ಬರೆದ ಸಮಯವನ್ನು ಬಿಟ್ಟುಬಿಡಿ. ಸರ್ವರ್‌ಗೆ ಸಂದೇಶ ತಲುಪಿದ ಸಮಯವನ್ನು ಮಾತ್ರ ನೋಡಿ. ಎಲ್ಲ ಸಾಲುಗಳ ಮೇಲೂ ಒಂದೇ ಗಡಿಯಾರದ ಮುದ್ರೆ ಬೀಳುವುದರಿಂದ ಕ್ರಮ ತಾನಾಗಿಯೇ ಸರಿಹೋಗುತ್ತದೆ. ನಮ್ಮಲ್ಲಿ ಹೀಗೇ ಮಾಡುತ್ತೇವೆ, ಸ್ವಿಚ್ಚುಗಳ ಎನ್‌ಟಿಪಿ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ.

ಹಳೇ_ಕೇಬಲ್

ಸಮಯ_ಪಾಲಕ ಅವರು ಹೇಳಿದ್ದು ಸಾಮಾನ್ಯ ದಿನಗಳಲ್ಲಿ ಕೆಲಸ ಮಾಡುತ್ತದೆ, ಆದರೆ ಇಲ್ಲಿ ಬೇಕಾದ ಹನ್ನೊಂದು ನಿಮಿಷಗಳಲ್ಲಿಯೇ ಅದು ಕೈಕೊಡುತ್ತದೆ. ನಾಲ್ಕನೇ ಮಹಡಿಯ ಸ್ವಿಚ್ ತನ್ನ ಲಾಗ್ ಕಳುಹಿಸುವುದು ಆ ಅಪ್‌ಲಿಂಕಿನ ಮೂಲಕವೇ ಅಲ್ಲವೇ? ಲಿಂಕ್ ಬಿದ್ದಾಗ ಯುಡಿಪಿ ಮೂಲಕ ಕಳುಹಿಸಿದ ಸಂದೇಶ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಕಳುಹಿಸಲ್ಪಡುವುದೂ ಇಲ್ಲ. ಲೂಪ್ ಆಗಿದ್ದಾಗ ಲಿಂಕ್ ಬೀಳುವುದಕ್ಕೆ ಮುಂಚಿನ ಕೆಲವು ಸೆಕೆಂಡುಗಳ ಸಂದೇಶಗಳೂ ದಟ್ಟಣೆಯಲ್ಲಿ ಕಳೆದುಹೋಗಿರಬಹುದು. ಆ ಸಾಲುಗಳು ಉಳಿದಿರುವುದು ಸ್ವಿಚ್ಚಿನ ಬಫರಿನಲ್ಲಿ ಮಾತ್ರ, ಅವುಗಳ ಮೇಲಿರುವುದು ಸ್ವಿಚ್ಚಿನ ಸ್ವಂತ ಗಡಿಯಾರದ ಸಮಯ ಮಾತ್ರ.

ಹೊರವರ್ತುಲ_ನೆಟ್ ಅವರೇ, ನೀವು ಹಾಕಿದ ಎರಡನೆಯ ಸಾಲಿನ ಮೊದಲ ಅಕ್ಷರವನ್ನು ದಯವಿಟ್ಟು ಮತ್ತೊಮ್ಮೆ ನೋಡಿ. `Jun` ಎಂಬುದರ ಹಿಂದೆ ಒಂದು ಚುಕ್ಕೆ ಇದೆ. ಅದು ಕಾಪಿ ಮಾಡುವಾಗ ಅಂಟಿಕೊಂಡ ಕಸವಲ್ಲ. ಒಮ್ಮೆ ಎನ್‌ಟಿಪಿಯಿಂದ ಸಮಯ ಪಡೆದಿದ್ದ ಸ್ವಿಚ್ ಈಗ ಆ ಸಂಪರ್ಕ ಕಳೆದುಕೊಂಡು ತನ್ನಷ್ಟಕ್ಕೆ ಗಡಿಯಾರ ಓಡಿಸುತ್ತಿದೆ ಎಂದು ಐಒಎಸ್ ಆ ಚುಕ್ಕೆಯ ಮೂಲಕ ಹೇಳುತ್ತದೆ. ಚುಕ್ಕೆಯ ಜಾಗದಲ್ಲಿ ನಕ್ಷತ್ರವಿದ್ದರೆ ಆ ಸಮಯವನ್ನು ನಂಬುವುದಕ್ಕೆ ಆಧಾರವೇ ಇಲ್ಲ ಎಂದರ್ಥ. ಎರಡೂ ಇಲ್ಲದಿದ್ದರೆ ಗಡಿಯಾರ ಹೊಂದಿಕೊಂಡಿದೆ. ಲಾಗ್ ಹೋಲಿಸುವ ಮೊದಲು ಪ್ರತಿ ಸ್ವಿಚ್ಚಿನ ಸಾಲಿನಲ್ಲೂ ನಾನು ಮೊದಲು ನೋಡುವುದು ಇದನ್ನೇ, ಏಕೆಂದರೆ ಘಟನೆ ನಡೆದ ಕ್ಷಣದಲ್ಲಿ ಗಡಿಯಾರ ಹೇಗಿತ್ತು ಎಂಬುದಕ್ಕೆ ಆ ಸಾಲಿನಲ್ಲೇ ಇರುವ ಸಾಕ್ಷಿ ಅದು.

ಇನ್ನು ವ್ಯತ್ಯಾಸ ಕಂಡುಹಿಡಿಯುವ ಮಾತು. ಒಂದೇ ಕೇಬಲ್ಲಿನ ಎರಡು ತುದಿಗಳಲ್ಲಿ ದಾಖಲಾದ ಒಂದೇ ಘಟನೆ ನಿಮ್ಮ ಕೈಯಲ್ಲಿದೆ. 02:14:07.412ರಿಂದ 02:11:31.020 ಕಳೆದರೆ 2 ನಿಮಿಷ 36.392 ಸೆಕೆಂಡು ಬರುತ್ತದೆ. ಆದರೆ ಒಂದು ಜೋಡಿಯನ್ನು ಮಾತ್ರ ನಂಬಬೇಡಿ, ಏಕೆಂದರೆ ಆ ಎರಡು ಸಾಲುಗಳು ಎರಡು ಬೇರೆ ಘಟನೆಗಳದ್ದೇ ಆಗಿರಬಹುದು ಎಂಬ ನಿಮ್ಮ ತಂಡದವರ ವಾದಕ್ಕೆ ಆಗ ಉತ್ತರವಿರುವುದಿಲ್ಲ. ಲಿಂಕ್ ಮತ್ತೆ ಎದ್ದಾಗಿನ ಸಾಲುಗಳನ್ನೂ ಎರಡೂ ಕಡೆಯಿಂದ ತೆಗೆದು ಅದೇ ಲೆಕ್ಕ ಮಾಡಿ. ಎರಡು ವ್ಯತ್ಯಾಸಗಳು ಒಂದೇ ಆಗಿ ಬಂದರೆ ತಪ್ಪಿರುವುದು ಗಡಿಯಾರ. ಬೇರೆ ಬೇರೆ ಬಂದರೆ ನಿಮ್ಮ ತಂಡದವರ ಸಂಶಯವನ್ನು ತಳ್ಳಿಹಾಕುವಂತಿಲ್ಲ.

ಹೊರವರ್ತುಲ_ನೆಟ್

ತುಂಬ ಧನ್ಯವಾದಗಳು, ಸರ್. ಆ ಚುಕ್ಕೆಯನ್ನು ನಾನು ಎಷ್ಟೋ ಬಾರಿ ಕಂಡಿದ್ದರೂ ಅದಕ್ಕೊಂದು ಅರ್ಥವಿದೆ ಎಂದು ತಿಳಿದಿರಲಿಲ್ಲ.

ಲಿಂಕ್ ಎದ್ದ ಸಮಯ ಡಿಸ್ಟ್ರಿಬ್ಯೂಷನ್ ಸ್ವಿಚ್ಚಿನಲ್ಲಿ 02:25:19.880, ನಾಲ್ಕನೇ ಮಹಡಿಯಲ್ಲಿ 02:22:43.502. ವ್ಯತ್ಯಾಸ 2 ನಿಮಿಷ 36.378 ಸೆಕೆಂಡು. ಹನ್ನೊಂದು ನಿಮಿಷಗಳ ಅಂತರದ ಎರಡು ಘಟನೆಗಳಲ್ಲಿ ವ್ಯತ್ಯಾಸ ಕೇವಲ 14 ಮಿಲಿಸೆಕೆಂಡು ಬದಲಾಗಿದೆ, ಅಂದರೆ ಸ್ವಿಚ್ಚಿನ ಗಡಿಯಾರ ಹಿಂದೆ ಬಿದ್ದಿತ್ತು ಎಂಬುದು ಖಚಿತವಾದಂತಾಯಿತು.

ಇದನ್ನು ಹಿಡಿದುಕೊಂಡು ನಾಲ್ಕನೇ ಮಹಡಿಯ ಎಲ್ಲ ಸಾಲುಗಳಿಗೂ 2 ನಿಮಿಷ 36.4 ಸೆಕೆಂಡು ಸೇರಿಸಿ ಮತ್ತೆ ಓದಿದೆ. ಅಪ್‌ಲಿಂಕ್ ಬೀಳುವುದಕ್ಕೆ ನಾಲ್ಕೂವರೆ ಸೆಕೆಂಡು ಮೊದಲು ಅಲ್ಲಿಯ ಸಭಾಕೊಠಡಿಯ ಪೋರ್ಟೊಂದು ಎದ್ದಿದೆ. ಸ್ವಿಚ್ ಬರೆದ ಸಮಯ 02:11:26.6, ಸರಿಪಡಿಸಿದ ಸಮಯ 02:14:03.0. ಮೂರನೇ ಮಹಡಿಯ ಸ್ವಿಚ್ಚಿನಲ್ಲಿ ಚುಕ್ಕೆಯೂ ಇಲ್ಲ, ನಕ್ಷತ್ರವೂ ಇಲ್ಲ, ಅಲ್ಲಿ 02:13:44.7ಕ್ಕೆ ಒಂದು ಪೋರ್ಟ್ ಎದ್ದಿದೆ. ಡಿಸ್ಟ್ರಿಬ್ಯೂಷನ್ ಸ್ವಿಚ್ಚಿನಲ್ಲಿ 02:14:04.9ಕ್ಕೆ ಒಂದೇ ಮ್ಯಾಕ್ ವಿಳಾಸ ಮೂರನೇ ಮತ್ತು ನಾಲ್ಕನೇ ಮಹಡಿಗಳ ಪೋರ್ಟುಗಳ ನಡುವೆ ಓಡಾಡುತ್ತಿದೆ ಎಂಬ `MACFLAP_NOTIF` ಸಂದೇಶ ಬಂದಿದೆ. ಎರಡೂವರೆ ಸೆಕೆಂಡಿನ ನಂತರ ಪೋರ್ಟ್ ಮುಚ್ಚಿದೆ.

ಆ ರಾತ್ರಿ ಸಭಾಕೊಠಡಿಗಳಲ್ಲಿ ಪರದೆ ಅಳವಡಿಸುವವರು ಕೆಲಸ ಮಾಡುತ್ತಿದ್ದರು. ಅವರು ಒಂದು ಸಣ್ಣ ಎಂಟು ಪೋರ್ಟಿನ ಸ್ವಿಚ್ಚನ್ನು ಮೊದಲು ಮೂರನೇ ಮಹಡಿಗೆ, ಹದಿನೆಂಟು ಸೆಕೆಂಡುಗಳ ನಂತರ ಶಾಫ್ಟಿನಲ್ಲಿ ಇಳಿಬಿಟ್ಟಿದ್ದ ಕೇಬಲ್ಲಿನ ಮೂಲಕ ನಾಲ್ಕನೇ ಮಹಡಿಗೆ ಜೋಡಿಸಿದ್ದಾರೆ. ಆ ಪೋರ್ಟುಗಳಲ್ಲಿ ಯಾರೋ ಹಿಂದೆ `bpdufilter` ಹಾಕಿದ್ದರಿಂದ ಸ್ಪ್ಯಾನಿಂಗ್ ಟ್ರೀಗೆ ಲೂಪ್ ಕಾಣಿಸಲೇ ಇಲ್ಲ. ಅಂದರೆ ನಾವು ಬದಲಾಯಿಸಲು ಹೊರಟಿದ್ದ ಸ್ವಿಚ್ಚಿನಲ್ಲಿ ಏನೂ ದೋಷವಿರಲಿಲ್ಲ.

ಹಳೇ_ಕೇಬಲ್

ಅನುಕ್ರಮ ಚೆನ್ನಾಗಿ ಕೂಡಿಬಂದಿದೆ. ವರದಿಯಲ್ಲಿ ಒಂದು ಮಿತಿಯನ್ನು ಮಾತ್ರ ದಾಖಲಿಸಿ. ಆ 14 ಮಿಲಿಸೆಕೆಂಡಿನ ಅಂತರದಿಂದ ಯಾವ ಅರ್ಥವನ್ನೂ ಹೊರಡಿಸಬೇಡಿ. ಲಾಗ್ ಸಾಲಿನ ಮೇಲಿರುವುದು ಆ ಸ್ವಿಚ್ಚಿನ ಸಾಫ್ಟ್‌ವೇರ್ ಸಂದೇಶ ಬರೆದ ಕ್ಷಣವೇ ಹೊರತು ತಂತಿಯಲ್ಲಿ ಸಂಕೇತ ನಿಂತ ಕ್ಷಣವಲ್ಲ, ಮತ್ತು ಎರಡು ತುದಿಗಳು ಒಂದೇ ವೇಗದಲ್ಲಿ ಅದನ್ನು ಗಮನಿಸುವುದಿಲ್ಲ. ಲೂಪಿನಿಂದ ಸ್ವಿಚ್ಚಿನ ಸಿಪಿಯು ತುಂಬಿಹೋಗಿದ್ದಾಗ ಈ ತಡ ಇನ್ನೂ ಹೆಚ್ಚುತ್ತದೆ. ಹೀಗೆ ಜೋಡಿ ಹೊಂದಿಸಿ ಪಡೆದ ಸಮಯದಲ್ಲಿ ಅರ್ಧ ಸೆಕೆಂಡಿಗಿಂತ ಹತ್ತಿರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ನಾನಾದರೆ ಹೇಳುವುದಿಲ್ಲ. ನಿಮ್ಮಲ್ಲಿ ಪೋರ್ಟ್ ಎದ್ದದ್ದಕ್ಕೂ ಮ್ಯಾಕ್ ಓಡಾಟಕ್ಕೂ ಸುಮಾರು ಎರಡು ಸೆಕೆಂಡಿನ ಅಂತರವಿರುವುದರಿಂದ ತೀರ್ಮಾನ ನಿಲ್ಲುತ್ತದೆ.

ಪೀಣ್ಯ_ಪ್ಲಾಂಟ್

ನಮ್ಮ ಕಾರ್ಖಾನೆಯಲ್ಲೂ ಇದೇ ತೊಂದರೆ ಇದೆ, ಆದರೆ ವ್ಯತ್ಯಾಸ ಎರಡು ನಿಮಿಷವಲ್ಲ, ಮೂವತ್ತು ವರ್ಷಕ್ಕೂ ಹೆಚ್ಚು! ಕರೆಂಟ್ ಹೋಗಿ ಬಂದಾಗಲೆಲ್ಲ ಹಳೆಯ ಸ್ವಿಚ್ಚುಗಳ ಲಾಗಿನಲ್ಲಿ `*Mar  1 00:01:14` ಎಂದು ಬರುತ್ತದೆ, `show clock` ಕೊಟ್ಟರೆ 1993 ಎನ್ನುತ್ತದೆ. ಬೆಳಿಗ್ಗೆ ಯಾರಾದರೂ ಕೈಯಿಂದ `clock set` ಕೊಟ್ಟು ಸರಿಮಾಡುತ್ತೇವೆ. ಯುಪಿಎಸ್ ದೊಡ್ಡದು ಹಾಕಿಸಿದರೆ ಸರಿಹೋಗುತ್ತದೆಯೇ?

ಹಳೇ_ಕೇಬಲ್

ನಿಮ್ಮದು ಇವರ ಸಮಸ್ಯೆಯಲ್ಲ, ಸರ್, ಆದರೆ ಹತ್ತಿರದ ನೆಂಟ. ಬ್ಯಾಟರಿ ಇರುವ ಗಡಿಯಾರವಿಲ್ಲದ ಆ ಸ್ವಿಚ್ಚುಗಳು ಎದ್ದಾಗಲೆಲ್ಲ 1993ರ ಮಾರ್ಚ್ 1ರಿಂದ ಎಣಿಕೆ ಆರಂಭಿಸುತ್ತವೆ. ಯುಪಿಎಸ್ ಎಷ್ಟೇ ದೊಡ್ಡದಿದ್ದರೂ ಒಂದು ದಿನ ಸ್ವಿಚ್ ರೀಬೂಟ್ ಆಗಿಯೇ ಆಗುತ್ತದೆ. ಎನ್‌ಟಿಪಿ ಸರ್ವರ್ ತಲುಪುವಂತಿದ್ದರೆ ಕೆಲವು ನಿಮಿಷಗಳಲ್ಲಿ ಅದು ತಾನೇ ಸರಿಯಾದ ಸಮಯಕ್ಕೆ ಬರುತ್ತದೆ. ಕೈಯಿಂದ ಇಟ್ಟ ಸಮಯ ಇಟ್ಟವರ ಕೈಗಡಿಯಾರದಷ್ಟೇ ನಿಜ, ಮರುದಿನದಿಂದ ಅದೂ ಜಾರತೊಡಗುತ್ತದೆ.

ನಕ್ಷತ್ರದ ಆ ಸಾಲುಗಳನ್ನು ಎಸೆಯಬೇಡಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ `00:01:14` ಎಂದರೆ ಸ್ವಿಚ್ ಎದ್ದು ಒಂದು ನಿಮಿಷ ಹದಿನಾಲ್ಕು ಸೆಕೆಂಡಾಗಿತ್ತು ಎಂದು ಓದಬಹುದು. ಸರಿಯಾದ ಗಡಿಯಾರವಿರುವ ಪಕ್ಕದ ಸ್ವಿಚ್ ಆ ಲಿಂಕ್ ಎದ್ದದ್ದನ್ನು ದಾಖಲಿಸಿದ್ದರೆ ಮೇಲಿನ ಲೆಕ್ಕವೇ ನಿಮಗೂ ಸಾಕು.

ಲಾಗ್_ಓದುಗಿ

ನಾನು ಒಂದು ವಿಷಯ ಸೇರಿಸುತ್ತೇನೆ. ಲಾಗ್ ಸರ್ವರ್‌ನಲ್ಲಿ ಆ ಹನ್ನೊಂದು ನಿಮಿಷಗಳ ಸಾಲುಗಳು ಇಲ್ಲದಿದ್ದರೂ ಅದಕ್ಕೆ ಹಿಂದಿನ ದಿನಗಳ ಸಾಲುಗಳು ಇರುತ್ತವೆ. ಪ್ರತಿ ಸಾಲಿನಲ್ಲೂ ಸ್ವಿಚ್ ಬರೆದ ಸಮಯ, ಸರ್ವರ್‌ಗೆ ತಲುಪಿದ ಸಮಯ ಎರಡನ್ನೂ ಉಳಿಸಿದ್ದರೆ, ಗಡಿಯಾರ ಯಾವಾಗಿನಿಂದ ಜಾರಿತು ಎಂಬುದನ್ನು ಲೆಕ್ಕ ಹಾಕಬಹುದು. ವ್ಯತ್ಯಾಸ ದಿನದಿನಕ್ಕೆ ಒಂದೇ ಪ್ರಮಾಣದಲ್ಲಿ ಬೆಳೆದಿದ್ದರೆ ಸ್ವಿಚ್ ಆಧಾರವಿಲ್ಲದೆ ಓಡುತ್ತಿತ್ತು ಎಂದರ್ಥ. ಒಂದೇ ದಿನ ಜಿಗಿದಿದ್ದರೆ ಯಾರೋ ಕೈಯಿಂದ ಬದಲಾಯಿಸಿದ್ದಾರೆ, ಅಥವಾ ಎನ್‌ಟಿಪಿ ಸರ್ವರ್ ತಾನೇ ತಪ್ಪು ಸಮಯ ಕೊಟ್ಟಿದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಗಡಿಯಾರದಲ್ಲಿ ತಪ್ಪೇ ಇಲ್ಲ, ಒಂದು ಕಡೆ ಯುಟಿಸಿ, ಇನ್ನೊಂದು ಕಡೆ ಭಾರತೀಯ ಕಾಲಮಾನ ಇದೆ ಅಷ್ಟೆ.

ಇಲ್ಲಿ ನಾನು ಸ್ವತಃ ಎಡವಿದ ಜಾಗವೊಂದಿದೆ. ಆರ್‌ಸಿಸ್‌ಲಾಗ್‌ನಲ್ಲಿ `timereported` ಎಂದರೆ ಸ್ವಿಚ್ ಹೇಳಿದ ಸಮಯ, `timegenerated` ಎಂದರೆ ತಲುಪಿದ ಸಮಯ ಎಂದು ನಂಬಿ ಎರಡನ್ನೂ ಹೋಲಿಸಿದೆ. ಎಲ್ಲ ಸ್ವಿಚ್ಚುಗಳಲ್ಲೂ ವ್ಯತ್ಯಾಸ ಸೊನ್ನೆ ಬಂತು, ನಾನು ಸಂತೋಷಪಟ್ಟೆ. ನಿಜವೇನೆಂದರೆ ಸಿಸ್ಕೊ ಸಾಲಿನ ಆರಂಭದಲ್ಲಿ ಬರುವ ಕ್ರಮಸಂಖ್ಯೆ, ಚುಕ್ಕೆ, ನಕ್ಷತ್ರಗಳಿಂದಾಗಿ ಆರ್‌ಸಿಸ್‌ಲಾಗ್‌ಗೆ ಸ್ವಿಚ್ಚಿನ ಸಮಯವನ್ನು ಗುರುತಿಸಲು ಆಗಿರಲಿಲ್ಲ, ಆದ್ದರಿಂದ ಅದು ಎರಡೂ ಕಡೆ ತಲುಪಿದ ಸಮಯವನ್ನೇ ತುಂಬಿತ್ತು. ಸ್ವಿಚ್ ಬರೆದ ಸಮಯ ಸಂದೇಶದ ಒಳಗೆ ಪಠ್ಯವಾಗಿ ಹಾಗೆಯೇ ಉಳಿದಿತ್ತು. ಅದನ್ನು ಸ್ಕ್ರಿಪ್ಟ್ ಬರೆದು ಹೊರತೆಗೆಯಬೇಕಾಯಿತು. ಎಲ್ಲೆಡೆಯೂ ಸೊನ್ನೆ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಹೊರವರ್ತುಲ_ನೆಟ್

ಮೇಡಂ, ನಿಮ್ಮ ಎಚ್ಚರಿಕೆ ಸಕಾಲಕ್ಕೆ ಬಂತು. ನಮ್ಮಲ್ಲೂ ಸೊನ್ನೆಯೇ ಬರುತ್ತಿತ್ತು. ಸಂದೇಶದ ಒಳಗಿನ ಸಮಯವನ್ನು ತೆಗೆದು ನೋಡಿದಾಗ ನಾಲ್ಕನೇ ಮಹಡಿಯ ಸ್ವಿಚ್ ಮೇ 1ರಂದು 83 ಸೆಕೆಂಡು, ಜೂನ್ 1ರಂದು 137 ಸೆಕೆಂಡು ಹಿಂದಿತ್ತು. ಜೂನ್ 12ರ 156 ಸೆಕೆಂಡನ್ನೂ ಸೇರಿಸಿದರೆ ದಿನಕ್ಕೆ ಸುಮಾರು 1.74 ಸೆಕೆಂಡಿನಂತೆ ಒಂದೇ ನೇರ ರೇಖೆ. ಅದನ್ನು ಹಿಂದಕ್ಕೆ ಎಳೆದರೆ ಮಾರ್ಚ್ 14ರ ಸುಮಾರಿಗೆ ಸೊನ್ನೆ ಮುಟ್ಟುತ್ತದೆ.

ಮಾರ್ಚ್ 14ರಂದು ನಾವು ಆ ಮಹಡಿಯ ಮ್ಯಾನೇಜ್‌ಮೆಂಟ್ ವಿಳಾಸಗಳನ್ನು ಹೊಸ ಸಬ್‌ನೆಟ್‌ಗೆ ಬದಲಾಯಿಸಿದ್ದೆವು. ನಮ್ಮ ಒಳಗಿನ ಸಮಯ ಸರ್ವರ್‌ಗಳಲ್ಲಿ ಕ್ರೋನಿ ಓಡುತ್ತದೆ. `chrony.conf` ಕಡತದ `allow` ಸಾಲಿನಲ್ಲಿ ಹಳೆಯ ಸಬ್‌ನೆಟ್ ಮಾತ್ರ ಇತ್ತು. ಸರ್ವರ್‌ನಲ್ಲಿ ಹೀಗೆ ಕೇಳಿದಾಗ ಉತ್ತರ ಸ್ಪಷ್ಟವಾಗಿತ್ತು.

```
$ sudo chronyc accheck 10.20.4.2
209 Access denied
```

ನಾನು ಅಂದು ಬೆಳಿಗ್ಗೆ ಸ್ವಿಚ್ಚಿಗೆ ಬೇರೊಂದು ಸರ್ವರ್ ವಿಳಾಸ ಕೊಟ್ಟದ್ದರಿಂದ ಗಡಿಯಾರ ಸರಿಹೋಗಿತ್ತೇ ಹೊರತು ಈ ಮೂಲ ಕಾರಣ ಹಾಗೆಯೇ ಉಳಿದಿತ್ತು. ಸ್ವಿಚ್ಚಿಗೆ ಪಿಂಗ್ ಹೋಗುತ್ತಿತ್ತು, ಲಾಗ್ ಬರುತ್ತಿತ್ತು, ಲಾಗಿನ್ ಆಗುತ್ತಿತ್ತು. ಎನ್‌ಟಿಪಿಯ ಪ್ರಶ್ನೆಗಳಿಗೆ ಮಾತ್ರ ಮೂರು ತಿಂಗಳು ಉತ್ತರವೇ ಬರಲಿಲ್ಲ, ಮತ್ತು ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಹಳೇ_ಕೇಬಲ್

ಆ ಮೂರು ತಿಂಗಳಲ್ಲಿ ಯಾವಾಗ ಬೇಕಾದರೂ `show ntp associations` ಕೊಟ್ಟಿದ್ದರೆ `reach` ಎಂಬ ಅಂಕಣದಲ್ಲಿ ಸೊನ್ನೆ ಕಾಣುತ್ತಿತ್ತು. ಕೊನೆಯ ಎಂಟು ಪ್ರಯತ್ನಗಳಿಗೂ ಉತ್ತರ ಬಂದಿದ್ದರೆ ಅಲ್ಲಿ 377 ಇರುತ್ತದೆ. ಅದು ಅಷ್ಟಮಾನ ಪದ್ಧತಿಯ ಸಂಖ್ಯೆ, ಆದ್ದರಿಂದ 376 ಎಂದು ಕಂಡರೆ ಕೊನೆಯ ಒಂದು ಉತ್ತರ ಮಾತ್ರ ತಪ್ಪಿದೆ ಎಂದರ್ಥ, ಗಾಬರಿಯಾಗಬೇಕಿಲ್ಲ. ವಿಳಾಸ ಬದಲಾಯಿಸುವ ಕೆಲಸದ ಪರಿಶೀಲನಾ ಪಟ್ಟಿಯಲ್ಲಿ ಪಿಂಗ್ ಜೊತೆಗೆ ಇದನ್ನೂ ಸೇರಿಸಿ, ಮತ್ತು ಬದಲಾವಣೆಯಾಗಿ ಎರಡೂವರೆ ಗಂಟೆಯ ನಂತರ ನೋಡಿ. ತಕ್ಷಣ ನೋಡಿದರೆ ಹಳೆಯ ಉತ್ತರಗಳ ಗುರುತು ಇನ್ನೂ ಉಳಿದಿದ್ದು ನಿಮ್ಮನ್ನು ದಾರಿ ತಪ್ಪಿಸಬಹುದು.

ಇನ್ನೊಂದು ಮಾತು. ಮುಂದಿನ ಬಾರಿ ತಪ್ಪು ಗಡಿಯಾರ ಕಂಡಾಗ ಸರಿಪಡಿಸಲು ಆತುರಪಡಬೇಡಿ. ಮೊದಲು ಸರಿಯಾದ ಸ್ವಿಚ್ ಮತ್ತು ತಪ್ಪಾದ ಸ್ವಿಚ್ ಎರಡರಲ್ಲೂ ಒಂದರ ಹಿಂದೆ ಒಂದರಂತೆ `show clock detail` ಕೊಟ್ಟು ಉಳಿಸಿಕೊಳ್ಳಿ. ಎನ್‌ಟಿಪಿ ಸರಿಹೋದ ಮರುಕ್ಷಣ ಆ ವ್ಯತ್ಯಾಸದ ನೇರ ಸಾಕ್ಷಿ ಅಳಿಸಿಹೋಗುತ್ತದೆ. ನಿಮ್ಮ ಲಿಂಕ್ ಎರಡೂ ಕಡೆ ದಾಖಲಾಗಿದ್ದರಿಂದ ಈ ಬಾರಿ ಉಳಿದುಕೊಂಡಿರಿ.

ಸಮಯ_ಪಾಲಕ

ಅಪ್‌ಲಿಂಕಿನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೆ ಈ ಒಳಗಿನ ಸರ್ವರ್‌ಗಳ ಗೊಡವೆಯೇ ಏಕೆ? ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಪ್ರತಿ ಸಾಧನವೂ ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರ್‌ನಿಂದಲೇ ಸಮಯ ಪಡೆಯಬೇಕಲ್ಲವೇ? ಎಲ್ಲ ಸ್ವಿಚ್ಚುಗಳಿಗೂ `samay1.nic.in` ಕೊಟ್ಟುಬಿಟ್ಟರೆ ಈ `allow` ಸಾಲಿನ ತೊಂದರೆಯೇ ಇರುವುದಿಲ್ಲ.

ಲಾಗ್_ಓದುಗಿ

ನಿರ್ದೇಶನವನ್ನು ಪೂರ್ತಿ ಓದಿದರೆ ಹಾಗಿಲ್ಲ. ಆ ಸರ್ವರ್‌ಗಳಿಗೆ ನೇರವಾಗಿ ಹೊಂದಿಕೊಳ್ಳಬಹುದು, ಅಥವಾ ಅವುಗಳವರೆಗೆ ಜಾಡು ಹಿಡಿದು ಹೋಗಬಹುದಾದ ಎನ್‌ಟಿಪಿ ಸರ್ವರ್‌ಗಳಿಗೂ ಹೊಂದಿಕೊಳ್ಳಬಹುದು. ಒಳಗಿನ ಸರ್ವರ್‌ಗಳು `samay1.nic.in`, `samay2.nic.in`, `time.nplindia.org` ಇವುಗಳನ್ನು ಅನುಸರಿಸಿ, ಸ್ವಿಚ್ಚುಗಳು ಒಳಗಿನ ಸರ್ವರ್‌ಗಳನ್ನು ಅನುಸರಿಸಿದರೆ ಸಾಕು. ಘಟನೆ ಪರಿಶೀಲನೆಯ ದೃಷ್ಟಿಯಿಂದಲೂ ಇದೇ ಮೇಲು. ಇಂಟರ್‌ನೆಟ್ ಕಡಿದ ದಿನವೂ ಎಲ್ಲ ಸ್ವಿಚ್ಚುಗಳು ಒಂದೇ ಒಳಗಿನ ಸಮಯವನ್ನು ಹಿಡಿದುಕೊಂಡಿರುತ್ತವೆ, ಮತ್ತು ಲಾಗ್ ಹೋಲಿಸಲು ಮುಖ್ಯವಾಗಿ ಬೇಕಾದದ್ದು ಅವುಗಳ ಪರಸ್ಪರ ಹೊಂದಾಣಿಕೆ.

ಹಳೇ_ಕೇಬಲ್

ಒಪ್ಪಿಗೆ. ಒಳಗಿನ ಸರ್ವರ್ ಎರಡೇ ಇದ್ದರೆ ಮಾತ್ರ ಒಂದು ಅಪಾಯವಿದೆ. ಅವೆರಡೂ ಬೇರೆ ಬೇರೆ ಸಮಯ ಹೇಳಿದಾಗ ಯಾರು ಸರಿ ಎಂದು ಸ್ವಿಚ್ಚಿಗೆ ನಿರ್ಣಯಿಸಲು ಬಹುಮತವೇ ಇರುವುದಿಲ್ಲ. ಮೂರು ಇದ್ದರೆ ಒಂದು ಸುಳ್ಳು ಹೇಳಿದರೂ ಉಳಿದೆರಡು ಸೇರಿ ಅದನ್ನು ಹೊರಗಿಡುತ್ತವೆ. ನಾಲ್ಕಿದ್ದರೆ ಒಂದು ಕೆಟ್ಟು ನಿಂತಾಗಲೂ ಆ ಬಹುಮತ ಉಳಿಯುತ್ತದೆ.

ಲಾಗ್‌ಗಳಲ್ಲಿ ಭಾರತೀಯ ಕಾಲಮಾನವನ್ನೇ ಇಡಿ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಬೇಸಿಗೆ ಸಮಯದ ಬದಲಾವಣೆಯಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ನೋಡುವವರಿಗೆ ಗೋಡೆಯ ಗಡಿಯಾರಕ್ಕೆ ಹೊಂದುವ ಸಮಯವೇ ಬೇಕು. ಆದರೆ ಸಾಲಿನಲ್ಲಿ ಕಾಲಮಾನದ ಹೆಸರು ಇರಲೇಬೇಕು.

```
clock timezone IST 5 30
service timestamps log datetime msec localtime show-timezone year
```

ಲಾಗ್_ಓದುಗಿ

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಕಚೇರಿಯ ಅರ್ಧ ತಂಡ ಬೇರೆ ದೇಶದಲ್ಲಿದೆ, ಅಲ್ಲಿಯ ಸ್ವಿಚ್ಚುಗಳ ಗಡಿಯಾರ ವರ್ಷಕ್ಕೆ ಎರಡು ಸಲ ಒಂದು ಗಂಟೆ ಜಿಗಿಯುತ್ತದೆ. ಎಲ್ಲೆಡೆ ಯುಟಿಸಿ ಇಟ್ಟು ಓದುವಾಗ ಐದೂವರೆ ಗಂಟೆ ಸೇರಿಸಿಕೊಳ್ಳುವುದೇ ನಮಗೆ ಸುರಕ್ಷಿತವೆನಿಸಿದೆ. ಒಂದೇ ಊರಿನ ಕಚೇರಿಗೆ ನಿಮ್ಮ ಮಾತು ಸರಿಯಿರಬಹುದು.

ಹೊರವರ್ತುಲ_ನೆಟ್

ನಮ್ಮದು ಬೆಂಗಳೂರಿನ ಕಚೇರಿಗಳು ಮಾತ್ರ ಇರುವುದರಿಂದ ಸದ್ಯಕ್ಕೆ ಭಾರತೀಯ ಕಾಲಮಾನದಲ್ಲೇ ಇಡುತ್ತಿದ್ದೇವೆ. `allow` ಸಾಲಿಗೆ ಹೊಸ ಸಬ್‌ನೆಟ್ ಸೇರಿಸಿದ್ದೇನೆ, ಮೂರನೆಯ ಸಮಯ ಸರ್ವರ್‌ಗೆ ಯಂತ್ರ ಕೇಳಿದ್ದೇನೆ. ಸಂದೇಶದೊಳಗಿನ ಸಮಯಕ್ಕೂ ತಲುಪಿದ ಸಮಯಕ್ಕೂ ಎರಡು ಸೆಕೆಂಡಿಗಿಂತ ಹೆಚ್ಚು ಅಂತರ ಕಂಡರೆ, ಅಥವಾ ಸಾಲಿನ ಆರಂಭದಲ್ಲಿ ಚುಕ್ಕೆ ಇಲ್ಲವೇ ನಕ್ಷತ್ರ ಕಂಡರೆ, ನಮಗೆ ಮೇಲ್ ಬರುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಮೊದಲ ದಿನವೇ ತಳಮಹಡಿಯ ಇನ್ನೊಂದು ಸ್ವಿಚ್ ಸಿಕ್ಕಿಬಿತ್ತು. ಸರಿಪಡಿಸುವ ಮೊದಲು ಅದರ ವ್ಯತ್ಯಾಸವನ್ನು ಬರೆದಿಟ್ಟುಕೊಂಡೆ.

ಒಂದು ಪ್ರಶ್ನೆ ಉಳಿದಿದೆ. ದಿನಕ್ಕೆ 1.74 ಸೆಕೆಂಡು ಎಂದರೆ ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗ. ಎನ್‌ಟಿಪಿ ಸಂಪರ್ಕ ಹೋಗುವ ಮೊದಲು ಸ್ವಿಚ್ ತನ್ನ ಗಡಿಯಾರದ ವೇಗದ ದೋಷವನ್ನು ಕಲಿತು ಸರಿದೂಗಿಸಿಕೊಂಡಿತ್ತಲ್ಲವೇ? ಹಾಗಿದ್ದರೆ ಆಮೇಲೂ ಇಷ್ಟು ಜಾರಿದ್ದೇಕೆ?

ಹಳೇ_ಕೇಬಲ್

ಅದು ನನಗೂ ಸ್ವಲ್ಪ ಹೆಚ್ಚೆನಿಸಿತು. ಸರಿದೂಗಿಸದ ಸಾಮಾನ್ಯ ಹರಳಿಗೆ ಅಷ್ಟು ದೋಷ ಸಹಜ, ಕಲಿತ ಮೇಲೆ ಅದು ಕಡಿಮೆಯಾಗಬೇಕು. ವಿಳಾಸ ಬದಲಾಯಿಸುವಾಗ ಎನ್‌ಟಿಪಿ ಸಾಲುಗಳನ್ನು ಅಳಿಸಿ ಮತ್ತೆ ಬರೆದಿರಿ, ಆಗ ಕಲಿತದ್ದು ಹೋಯಿತೇ? ಅಥವಾ ಆ ಮಹಡಿಯ ರ‍್ಯಾಕ್ ಇರುವ ಕೋಣೆಯ ಎಸಿ ನಿಂತು ಬಿಸಿ ಏರಿತ್ತೇ? ಮಾರ್ಚ್ 14ರ ಕೆಲಸದ ಟಿಕೆಟ್ ಮತ್ತು ಆ ಸ್ವಿಚ್ಚಿನ ತಾಪಮಾನದ ದಾಖಲೆ ಸಿಕ್ಕರೆ ಇಲ್ಲಿ ಹಾಕಿ.

ಹೊರವರ್ತುಲ_ನೆಟ್

ಟಿಕೆಟ್ ಸಿಕ್ಕಿದೆ, ಎನ್‌ಟಿಪಿ ಸಾಲುಗಳನ್ನು ಅಂದು ಮುಟ್ಟಿಲ್ಲ. ತಾಪಮಾನದ ದಾಖಲೆ ಏಪ್ರಿಲ್‌ನಿಂದ ಮಾತ್ರ ಇದೆ. ಅದನ್ನು ಸೋಮವಾರ ತೆಗೆದು ಹಾಕುತ್ತೇನೆ.